ಕೆಫೀನ್ ತೆಗೆದ ಕಾಫಿ: ಉಳಿಯುವುದೆಷ್ಟು, ಲಾಭ ಯಾರಿಗೆ?

ಸದಸ್ಯ ಬಂಧುಗಳಲ್ಲಿ ಕೆಲವರು ಈಚೆಗೆ ಸಂಘದ ಕಚೇರಿಗೆ ಬಂದಾಗ ಒಂದೇ ಬಗೆಯ ಪ್ರಶ್ನೆ ಕೇಳುತ್ತಿದ್ದಾರೆ. ಬಸುರಿ ಸೊಸೆಗೆ ವೈದ್ಯರು ಕಾಫಿ ಕಡಿಮೆ ಮಾಡಿ ಎಂದಿದ್ದಾರೆ, ಪೇಟೆಯಲ್ಲಿ ಡಿಕ್ಯಾಫ್ ಎಂಬ ಪುಡಿ ಸಿಗುತ್ತದಂತೆ, ಅದು ನಿಜವಾಗಿಯೂ ಕೆಫೀನ್ ಇಲ್ಲದ್ದೇ? ಇನ್ನು ಕೆಲವರು, ಕಾಫಿ ಬೆಳೆಯುವ ನಾವೇ ಇಂಥದನ್ನು ಕೊಂಡು ಕುಡಿಯುವುದೇ ಎಂದು ನಗುತ್ತಾರೆ. ಕೆಫೀನ್ ತೆಗೆದದ್ದೂ ಯಾವುದೋ ತೋಟದ ಕಾಫಿಯೇ ಆಗಿರುವುದರಿಂದ ನಗುವ ಕಾರಣವಿಲ್ಲ. ಕಾಫಿಯನ್ನೇ ಬಿಟ್ಟು ಬೇರೆ ಪಾನೀಯಕ್ಕೆ ಹೋಗುವವನಿಗಿಂತ ಡಿಕ್ಯಾಫ್ ಕುಡಿಯುವವನು ನಮಗೆ ಹತ್ತಿರದ ಗಿರಾಕಿ.

ಮೊದಲು ಕೆಫೀನ್ ತೆಗೆಯುವ ಬಗೆಯನ್ನು ತಿಳಿಯೋಣ. ಇದನ್ನು ಹುರಿದ ಬೀಜದಿಂದಲ್ಲ, ಕ್ಯೂರಿಂಗ್ ಆದ ಹಸಿರು ಬೀಜದಿಂದ ತೆಗೆಯುತ್ತಾರೆ. ಬೀಜವನ್ನು ಹಬೆಯಲ್ಲೋ ಬಿಸಿನೀರಿನಲ್ಲೋ ಉಬ್ಬಿಸಿ, ಕೆಫೀನನ್ನು ಕರಗಿಸಿಕೊಳ್ಳುವ ದ್ರವದಲ್ಲಿ ಮತ್ತೆ ಮತ್ತೆ ತೊಳೆದು, ಕೊನೆಗೆ ಮೊದಲಿನ ತೇವಾಂಶಕ್ಕೆ ಒಣಗಿಸುತ್ತಾರೆ. ಜರ್ಮನಿಯ ಬ್ರೆಮೆನ್ ನಗರದ ಲುಡ್ವಿಗ್ ರೋಸೆಲಿಯಸ್ 20ನೆಯ ಶತಮಾನದ ಮೊದಲ ದಶಕದಲ್ಲಿ ಇದನ್ನು ವ್ಯಾಪಾರಕ್ಕೆ ತಂದಾಗ ಬಳಸಿದ್ದು ಬೆಂಜೀನ್. ಅದು ವಿಷವೆಂದು ತಿಳಿದ ಮೇಲೆ ಕೈಬಿಟ್ಟರು. ಈಗ ಬಳಕೆಯಲ್ಲಿರುವುದು ಮೆಥಿಲೀನ್ ಕ್ಲೋರೈಡ್, ಈಥೈಲ್ ಅಸಿಟೇಟ್, ಹೆಚ್ಚಿನ ಒತ್ತಡದಲ್ಲಿಟ್ಟ ಇಂಗಾಲದ ಡೈ ಆಕ್ಸೈಡ್ ಮತ್ತು ಬರಿಯ ನೀರು.

ನೀರಿನ ಕ್ರಮದಲ್ಲಿ ಒಂದು ಜಾಣ್ಮೆಯಿದೆ. ಬೀಜವನ್ನು ನೀರಿನಲ್ಲಿ ನೆನೆಸಿದರೆ ಕೆಫೀನಿನ ಜೊತೆಗೆ ರುಚಿಯ ಅಂಶಗಳೂ ಹೊರಟುಹೋಗುತ್ತವೆ. ಅದಕ್ಕಾಗಿ ಮೊದಲ ಕಂತಿನ ಬೀಜವನ್ನು ಬಲಿಕೊಟ್ಟು, ಆ ನೀರನ್ನು ವಿಶೇಷವಾಗಿ ತಯಾರಿಸಿದ ಇದ್ದಿಲಿನ ಮೂಲಕ ಹಾಯಿಸಿ ಅದರಲ್ಲಿನ ಕೆಫೀನನ್ನು ಮಾತ್ರ ಹಿಡಿದಿಡುತ್ತಾರೆ. ಹೀಗೆ ರುಚಿಯಿಂದ ತುಂಬಿದ, ಕೆಫೀನ್ ಮಾತ್ರ ಇಲ್ಲದ ನೀರಿಗೆ ಎರಡನೆಯ ಕಂತಿನ ಬೀಜ ಹಾಕಿದರೆ ಅದರಿಂದ ಕೆಫೀನ್ ಹೊರಬರುತ್ತದೆ. ನೀರು ಆಗಲೇ ತುಂಬಿರುವುದರಿಂದ ರುಚಿ ಬಹುಮಟ್ಟಿಗೆ ಬೀಜದಲ್ಲೇ ಉಳಿಯುತ್ತದೆ. ಮನೆಯಲ್ಲಿ ಬೀಜ ನೆನೆಸಿ ಒಣಗಿಸಿ ಹುರಿದು ನೋಡುವ ಪ್ರಯೋಗದಿಂದ ರುಚಿಗೆಟ್ಟ ಕಾಫಿ ಸಿಗುತ್ತದೆಯೇ ಹೊರತು ಡಿಕ್ಯಾಫ್ ಅಲ್ಲ.

ಯಾವ ಕ್ರಮದಲ್ಲೂ ಕೆಫೀನ್ ಪೂರ್ತಿ ಹೋಗುವುದಿಲ್ಲ. ಎಷ್ಟು ಉಳಿಯಬಹುದೆಂಬ ಕಟ್ಟಳೆಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ, ಅದರಿಂದ ಗೊಂದಲವಾಗುತ್ತದೆ. ಅಮೆರಿಕದಲ್ಲಿ ರೂಢಿಯಲ್ಲಿರುವುದು ತೆಗೆದದ್ದರ ಲೆಕ್ಕ: ಮೊದಲಿದ್ದ ಕೆಫೀನಿನಲ್ಲಿ ಶೇಕಡಾ 97 ಭಾಗ ಹೋಗಿರಬೇಕು. ಜರ್ಮನಿಯಲ್ಲಿ ಉಳಿದದ್ದರ ಲೆಕ್ಕ: ಒಂದು ಕಿಲೋ ಕಾಫಿಯಲ್ಲಿ 1 ಗ್ರಾಂ, ಅಂದರೆ ಶೇಕಡಾ 0.1ಕ್ಕಿಂತ ಹೆಚ್ಚು ಇರಬಾರದು. ನಮ್ಮ ಅರೇಬಿಕಾದಲ್ಲಿ ಸುಮಾರು ಶೇಕಡಾ 1.2, ರೋಬಸ್ಟಾದಲ್ಲಿ ಸುಮಾರು ಶೇಕಡಾ 2.2 ಕೆಫೀನ್ ಇರುತ್ತದೆ. ಎರಡರಿಂದಲೂ ಶೇಕಡಾ 97 ತೆಗೆದರೆ ಅರೇಬಿಕಾದಲ್ಲಿ ಉಳಿಯುವುದರ ಹೆಚ್ಚುಕಡಿಮೆ ಎರಡರಷ್ಟು ರೋಬಸ್ಟಾದಲ್ಲಿ ಉಳಿಯುತ್ತದೆ. ಆದರೂ ಎರಡೂ ಶೇಕಡಾ 0.1ರ ಒಳಗೇ ಇರುತ್ತವೆ.

ಇದನ್ನು ನಮ್ಮ ಲೋಟಕ್ಕೆ ಇಳಿಸಿ ನೋಡೋಣ. ಅರೇಬಿಕಾ ಅರ್ಧ, ರೋಬಸ್ಟಾ ಅರ್ಧ ಸೇರಿಸಿ, ನೂರಕ್ಕೆ ಇಪ್ಪತ್ತು ಪಾಲು ಚಿಕೋರಿ ಬೆರೆಸಿದ ಪುಡಿ ಎಂದಿಟ್ಟುಕೊಳ್ಳಿ. ಒಂದು ಲೋಟ ಗಟ್ಟಿ ಕಾಫಿಗೆ 10 ಗ್ರಾಂ ಪುಡಿ ಹಿಡಿದರೆ ಅದರಲ್ಲಿ ಕಾಫಿ 8 ಗ್ರಾಂ. ಚಿಕೋರಿಯಲ್ಲಿ ಕೆಫೀನ್ ಇಲ್ಲ. 4 ಗ್ರಾಂ ಅರೇಬಿಕಾದಿಂದ 48 ಮಿಲಿಗ್ರಾಂ, 4 ಗ್ರಾಂ ರೋಬಸ್ಟಾದಿಂದ 88 ಮಿಲಿಗ್ರಾಂ, ಒಟ್ಟು 136. ಫಿಲ್ಟರಿನಲ್ಲಿ ಅದರ ಬಹುಪಾಲು ಡಿಕಾಕ್ಷನ್ನಿಗೆ ಇಳಿಯುತ್ತದೆ. ಲೋಟಕ್ಕೆ 120 ಎಂದು ಹಿಡಿಯೋಣ. ಇದೇ ಪುಡಿಯಲ್ಲಿ ಕಾಫಿಯ ಜಾಗಕ್ಕೆ ಶೇಕಡಾ 0.1ರ ಡಿಕ್ಯಾಫ್ ಹಾಕಿದರೆ 8 ಗ್ರಾಮಿನಲ್ಲಿ ಇರುವುದೇ ಹೆಚ್ಚೆಂದರೆ 8 ಮಿಲಿಗ್ರಾಂ. ಅಂದರೆ ಡಿಕ್ಯಾಫ್ 15 ಲೋಟ ಕುಡಿದರೆ ಮಾಮೂಲಿನ ಒಂದು ಲೋಟಕ್ಕೆ ಸಮ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಂಗಡಿಗಳ ಡಿಕ್ಯಾಫ್ ಕಾಫಿ ಕೊಂಡು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಅರ್ಧ ಲೀಟರಿನ ದೊಡ್ಡ ಕಪ್ಪಿಗೆ 14 ಮಿಲಿಗ್ರಾಮಿನವರೆಗೆ ಕಂಡುಬಂದಿತ್ತು. ನಮ್ಮ ಲೆಕ್ಕವೂ ಅದರ ಆಸುಪಾಸಿನಲ್ಲೇ ಇದೆ.

ಹೀಗಿರುವಾಗ ಇದರಿಂದ ಯಾರಿಗೆ ಹೆಚ್ಚು ಪ್ರಯೋಜನ? ಎಷ್ಟು ಕುಡಿದರು ಎಂಬುದಕ್ಕಿಂತ, ಕುಡಿದದ್ದನ್ನು ದೇಹ ಎಷ್ಟು ಬೇಗ ಹೊರಹಾಕುತ್ತದೆ ಎಂಬುದರಲ್ಲಿ ಉತ್ತರವಿದೆ. ಕೆಫೀನನ್ನು ಒಡೆಯುವುದು ನಮ್ಮ ಲಿವರು. ಸಾಧಾರಣ ವಯಸ್ಕರಲ್ಲಿ ರಕ್ತದಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ತುಂಬು ಬಸುರಿಯಲ್ಲಿ ಅದೇ ಕೆಲಸಕ್ಕೆ 15 ಗಂಟೆಯ ಹತ್ತಿರ ಹಿಡಿಯುತ್ತದೆ. ಸಂಜೆ ಆರಕ್ಕೆ ಅತ್ತೆ ಸೊಸೆ ಇಬ್ಬರೂ ಒಂದೊಂದು ಲೋಟ ಕುಡಿದರೆ, ಅತ್ತೆಯ ಮೈಯಲ್ಲಿ ರಾತ್ರಿ ಹನ್ನೊಂದಕ್ಕೆ ಅರ್ಧ ಉಳಿದಿರುತ್ತದೆ. ಸೊಸೆಯ ಮೈಯಲ್ಲಿ ಅರ್ಧ ಉಳಿದಿರುವುದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟರಲ್ಲಿ ಬೆಳಗಿನ ಕಾಫಿ ಆಗಿರುತ್ತದೆ, ಹೊಸದು ಹಳೆಯದರ ಮೇಲೆ ಸೇರುತ್ತದೆ. ಹೊಟ್ಟೆಯೊಳಗಿನ ಮಗುವಿಗೆ ಅದನ್ನು ಒಡೆಯುವ ಶಕ್ತಿಯೇ ಇಲ್ಲ. ಹುಟ್ಟಿದ ಮೇಲೂ ಎಳೆಗೂಸಿನಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಮೂರು ದಿನಕ್ಕಿಂತ ಹೆಚ್ಚು ಬೇಕಾಗುತ್ತದೆ. ಆದಕಾರಣ ಬಾಣಂತಿಗೂ ಈ ಮಾತು ಅನ್ವಯಿಸುತ್ತದೆ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನಿನ ಮಿತಿ ಹೇಳಿತು. ನಮ್ಮ ಲೆಕ್ಕದ ಲೋಟದಲ್ಲಿ ಗರ್ಭಿಣಿಗೆ ಎರಡನೆಯ ಲೋಟಕ್ಕೇ ಮಿತಿ ದಾಟಿತು. ಚಹಾದಲ್ಲೂ ಕೆಫೀನ್ ಇದೆ, ಅದನ್ನೂ ಕೂಡಿಸಬೇಕು. ಬೆಳಿಗ್ಗೆ ಒಂದು ಮಾಮೂಲು ಲೋಟ, ಉಳಿದ ಎರಡು ಡಿಕ್ಯಾಫ್ ಎಂದು ಮಾಡಿಕೊಂಡರೆ ಒಟ್ಟು 136 ಆಯಿತು. ಮೂರು ಲೋಟದ ಅಭ್ಯಾಸ ಹಾಗೆಯೇ ನಡೆಯುತ್ತದೆ, ಮಿತಿಯೂ ಮೀರುವುದಿಲ್ಲ. ಡಿಕ್ಯಾಫ್‌ಗೆ ಬದಲಾಯಿಸುವುದರಿಂದ ಎಲ್ಲರಿಗಿಂತ ಹೆಚ್ಚು ಲಾಭ ಬಸುರಿಗೇ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯವರು ಕೆಲವು ಔಷಧಿ ತೆಗೆದುಕೊಳ್ಳುವವರು. ಮೂತ್ರದ ಸೋಂಕಿಗೆ ಕೊಡುವ ಸಿಪ್ರೋಫ್ಲಾಕ್ಸಾಸಿನ್, ಮಾನಸಿಕ ತೊಂದರೆಗೆ ಕೊಡುವ ಫ್ಲುವೊಕ್ಸಮೀನ್, ಇವು ಲಿವರಿನ ಈ ಕೆಲಸವನ್ನೇ ತಡೆಯುತ್ತವೆ. ಗರ್ಭನಿರೋಧಕ ಗುಳಿಗೆ ಅದನ್ನು ನಿಧಾನಗೊಳಿಸುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಅಂತೂ ಕೆಫೀನಿನ ದಾಯಾದಿಯೇ. ಎರಡೂ ಸೇರಿದರೆ ಎದೆ ಡವಗುಟ್ಟುವುದು, ಕೈ ನಡುಗುವುದು ಉಂಟು. ಇಂಥವರು ಮಾತ್ರೆ ಬರೆದ ವೈದ್ಯರಿಗೆ ದಿನಕ್ಕೆಷ್ಟು ಲೋಟ ಕಾಫಿ ಎಂಬುದನ್ನು ತಾವಾಗಿಯೇ ಹೇಳುವುದು ಒಳ್ಳೆಯದು. ಇನ್ನೊಂದು ವಿಚಿತ್ರವಿದೆ. ಬೀಡಿ ಸಿಗರೇಟು ಸೇದುವವರ ಲಿವರು ಕೆಫೀನನ್ನು ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ಒಡೆಯುತ್ತದೆ. ಅವರು ಸೇದುವುದನ್ನು ಬಿಟ್ಟಾಗ ಅದೇ ನಾಲ್ಕು ಲೋಟ ಎಂಟರಂತೆ ಕೆಲಸ ಮಾಡುತ್ತದೆ. ಆಗಿನ ಚಡಪಡಿಕೆ, ನಿದ್ದೆಗೇಡನ್ನೆಲ್ಲ ಬೀಡಿ ಬಿಟ್ಟದ್ದರ ಮೇಲೆ ಹೊರಿಸಿ ಮತ್ತೆ ಹಚ್ಚುವವರುಂಟು. ಆ ಕೆಲವು ವಾರ ಅರ್ಧ ಲೋಟಗಳನ್ನಾದರೂ ಡಿಕ್ಯಾಫ್ ಮಾಡಿಕೊಳ್ಳಬೇಕು.

ಮೂರನೆಯವರು ನಿದ್ದೆ ಬಾರದವರು. ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ 2013ರ ಒಂದು ಅಧ್ಯಯನದಲ್ಲಿ ನಿದ್ದೆ ಒಂದು ಗಂಟೆಗೂ ಮೀರಿ ಕಡಿಮೆಯಾಗಿತ್ತು. ಅದು ದೊಡ್ಡ ಪ್ರಮಾಣ ನಿಜ. ಆದರೂ ನಿದ್ದೆಯ ದೂರು ಇರುವವರು ಮಾತ್ರೆಗೆ ಹೋಗುವ ಮುನ್ನ ಮಧ್ಯಾಹ್ನದ ನಂತರದ ಲೋಟಗಳನ್ನು ಮಾತ್ರ ಬದಲಾಯಿಸಿ ಎರಡು ವಾರ ನೋಡಬಹುದು. ಬೆಳಗಿನದನ್ನು ಮುಟ್ಟಬೇಕಾಗಿಲ್ಲ.

ಹೊಟ್ಟೆಯುರಿಗೆಂದು ಬದಲಾಯಿಸುವವರು ಹೆಚ್ಚು ನಿರೀಕ್ಷಿಸಬಾರದು. ಕೆಲವರಿಗೆ ಸ್ವಲ್ಪ ಹಿತವಾಗಬಹುದು, ಆದರೆ ಕೆಫೀನ್ ತೆಗೆದ ಕಾಫಿಯೂ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಲೋಟದೊಳಗಿನ ಸಕ್ಕರೆ ಮುಖ್ಯವೇ ಹೊರತು ಕೆಫೀನಲ್ಲ. ಮೊದಲಿನಿಂದ ಕುಡಿದು ಚೆನ್ನಾಗಿ ನಿದ್ದೆ ಮಾಡುವ ಗಟ್ಟಿ ಆಳಿಗೆ ಬದಲಾವಣೆಯಿಂದ ಸಿಗುವುದು ಹೆಚ್ಚಿನ ಬೆಲೆಯ ಪುಡಿ ಮಾತ್ರ.

ಡಿಕ್ಯಾಫ್ ಕೊಳ್ಳಲಾಗದವರಿಗೂ ಒಂದು ದಾರಿಯಿದೆ. ನಮ್ಮಲ್ಲಿ ಅನೇಕರು ಮಾರುವುದನ್ನೆಲ್ಲ ಮಾರಿ ಮನೆ ಖರ್ಚಿಗೆ ಇಟ್ಟುಕೊಳ್ಳುವುದು ರೋಬಸ್ಟಾ ಚೆರ್ರಿಯನ್ನೇ. ಬರಿಯ ರೋಬಸ್ಟಾದ 8 ಗ್ರಾಮಿನಲ್ಲಿ 176 ಮಿಲಿಗ್ರಾಂ ಇದ್ದರೆ ಬರಿಯ ಅರೇಬಿಕಾದಲ್ಲಿ 96. ಸಂಜೆಯ ಲೋಟಕ್ಕೆಂದು ಸ್ವಲ್ಪ ಅರೇಬಿಕಾ ಇಟ್ಟುಕೊಂಡು ಚಿಕೋರಿ ಒಂದಿಷ್ಟು ಹೆಚ್ಚಿಸಿದರೂ ಅರ್ಧಕ್ಕರ್ಧ ಇಳಿಯಿತು. ಕಪ್ಪಗೆ ಹುರಿದರೆ ಕೆಫೀನ್ ಸುಟ್ಟುಹೋಗುತ್ತದೆ ಎಂಬ ಮಾತು ಮಾತ್ರ ನಂಬುವಂಥದಲ್ಲ. ಹುರಿಯುವುದರಲ್ಲಿ ಹೋಗುವುದು ಬಹಳ ಸ್ವಲ್ಪ.

ಬದಲಾಯಿಸುವವರು ಒಮ್ಮೆಲೇ ಮಾಡಬಾರದು. ದಿನಾ ನಾಲ್ಕು ಲೋಟದವರು ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಹಿಡಿಯುತ್ತದೆ. ಒಂದೆರಡು ದಿನದಲ್ಲಿ ಜೋರಾಗಿ, ಒಮ್ಮೊಮ್ಮೆ ಒಂಬತ್ತು ದಿನದವರೆಗೂ ಎಳೆಯುತ್ತದೆ. ಹಳೆಯ ಪುಡಿಗೆ ಮೊದಲ ನಾಲ್ಕು ದಿನ ಕಾಲು ಭಾಗ, ಮುಂದಿನ ನಾಲ್ಕು ದಿನ ಅರ್ಧ, ಹೀಗೆ ಡಿಕ್ಯಾಫ್ ಬೆರೆಸುತ್ತ ಹೋದರೆ ತೊಂದರೆಯಿಲ್ಲ. ಎರಡು ಪುಡಿಯನ್ನೂ ಕಣ್ಣಿನಿಂದ, ಮೂಗಿನಿಂದ ಗುರುತಿಸುವುದು ಕಷ್ಟವಾದ್ದರಿಂದ ಡಬ್ಬಿಗಳ ಮೇಲೆ ಚೀಟಿ ಅಂಟಿಸಿಡಿ. ಹೋಟೆಲಿನಲ್ಲಿ ಕೊಟ್ಟದ್ದು ಯಾವುದೆಂದು ತಿಳಿಯುವ ಉಪಾಯವಿಲ್ಲ.

ಬಸುರಿಯರಿಗೆ ಸಂಬಂಧಿಸಿದ ಒಂದು ಮಾತು ಉಳಿಯಿತು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗುವ ರೂಢಿ ಕೆಲವು ಮನೆಗಳಲ್ಲಿದೆ. ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುವುದು ಕೆಫೀನಲ್ಲ, ಕಾಫಿಯ ಒಗರಿನ ಅಂಶಗಳು. ಅವು ಡಿಕ್ಯಾಫಿನಲ್ಲೂ ಇರುತ್ತವೆ. ಆದ್ದರಿಂದ ಯಾವ ಕಾಫಿಯಾದರೂ ಸರಿ, ಮಾತ್ರೆಗೂ ಊಟಕ್ಕೂ ಒಂದೆರಡು ಗಂಟೆ ದೂರವಿರಲಿ.