ಬೆಲ್ಟಿನ ತೂತಿನಲ್ಲಿ ಇಣುಕಿ ನೋಡಿ

ಬೆಲ್ಟು ಕೊಳ್ಳುವಾಗ ನಾವೆಲ್ಲ ಮೊದಲು ಮೇಲ್ಮೈ ಸವರುತ್ತೇವೆ. ಮೋಸವಾಗುವುದು ಅಲ್ಲೇ. ರೆಕ್ಸಿನ್ ಮೇಲೂ ಚರ್ಮದ ಗೆರೆಗಳ ಅಚ್ಚೊತ್ತಬಹುದು, ವಾಸನೆಯನ್ನೂ ಬೆರೆಸಬಹುದು. ನಿಜ ತಿಳಿಯುವುದು ಕತ್ತರಿಸಿದ ಅಂಚಿನಲ್ಲಿ.

ಕೂದಲಿದ್ದ ಮೇಲ್ಪದರವನ್ನು ಉಜ್ಜಿ ತೆಗೆಯದೆ ಹದ ಮಾಡಿದ ತೊಗಲೇ ಫುಲ್ ಗ್ರೇನ್. ಅದರ ಅಂಚಿನಲ್ಲಿ ನಾರುಗಳು ಮೇಲೆ ಒತ್ತಾಗಿ, ಕೆಳಗಿಳಿದಂತೆ ಸಡಿಲವಾಗಿ ಹೆಣೆದಿರುತ್ತವೆ; ನಡುವೆ ಅಂಟಿಸಿದ ಗೆರೆ ಇರುವುದಿಲ್ಲ. ಬಾಂಡೆಡ್ ಲೆದರ್ ಎಂದರೆ ಚರ್ಮದ ಚೂರುಗಳನ್ನು ಪುಡಿಮಾಡಿ, ಅಂಟು ಬೆರೆಸಿ ಹಾಳೆಯಾಗಿ ಒತ್ತಿ, ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟದ್ದು. ಅದರ ಒಳಗು ರಟ್ಟಿನಂತೆ ಒಂದೇ ಸಮ. ರೆಕ್ಸಿನ್ನಿನಲ್ಲಿ ಬಟ್ಟೆಯ ಎಳೆ ಕಾಣುತ್ತದೆ.

ಅಂಚಿಗೆ ಬಣ್ಣ ಬಳಿದಿದ್ದರೆ ಬೆಲ್ಟಿನ ತೂತನ್ನು ಬೆಳಕಿಗೆ ಹಿಡಿಯಿರಿ. ಅದರ ಒಳಗೋಡೆಗೆ ಸಾಮಾನ್ಯವಾಗಿ ಬಣ್ಣ ಹಚ್ಚಿರುವುದಿಲ್ಲ. ಮೇಲೆ ತೆಳು ಚರ್ಮ, ನಡುವೆ ಬೂದು ರಟ್ಟು ಕಂಡರೆ ಅದು ಫುಲ್ ಗ್ರೇನಿನ ಇಡೀ ಪಟ್ಟಿಯಲ್ಲ. ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಕೆಯ ತುದಿ, ಒಳಜೇಬಿನ ಹೊಲಿಗೆಯಂಚು ನೋಡಿ. ನಂತರ ಮಡಚಿ: ಫುಲ್ ಗ್ರೇನಿನಲ್ಲಿ ಒಂದೊಂದು ಕಡೆ ಒಂದೊಂದು ಬಗೆಯ ಸಣ್ಣ ಸುಕ್ಕು ಏಳುತ್ತದೆ.

ನೀರಿನ ಹನಿಯ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಮೆರುಗು ಲೇಪಿಸಿದ ಅಸಲಿ ಚರ್ಮವೂ ನೀರು ಹೀರದು. ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆಯೂ ಸಾಲದು. ಮೇಲ್ಪದರ ಸೀಳಿದ ಬಳಿಕ ಉಳಿಯುವ ಅಡಿಯ ಚರ್ಮದ ಮೇಲೂ ಅದು ಇರುತ್ತದೆ. ದುಬಾರಿ ಬೆಲೆ ಕೊಡುವಾಗ ಬಿಲ್ಲಿನಲ್ಲಿ ‘ಫುಲ್ ಗ್ರೇನ್’ ಎಂದೇ ಬರೆಸಿಕೊಳ್ಳಿ.