ಒಪ್ಪಿದ ಬಿಲ್ಲಿಗೆ ಮರುದಿನವೇ ದುಡ್ಡು

ಬೆಂಗಳೂರಿನ ಪೀಣ್ಯದಲ್ಲಿ ಎರಡು ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳಿ. 10 ಲಕ್ಷ ರೂಪಾಯಿಯ ಮಾಲು ಹೋಗಿದೆ, ಬಿಲ್ಲೂ ಹೋಗಿದೆ. ದುಡ್ಡು ಬರುವುದು 45 ದಿನಕ್ಕೆ. ಅಷ್ಟರಲ್ಲಿ ಕೆಲಸಗಾರರ ಸಂಬಳ, ಕರೆಂಟು ಬಿಲ್ಲು, ಮುಂದಿನ ಆರ್ಡರಿಗೆ ಬೇಕಾದ ಉಕ್ಕು ಎಲ್ಲಕ್ಕೂ ಮಾಲೀಕ ಕೈಯಿಂದ ಹಾಕಬೇಕು. ಕೈಯಲ್ಲಿಲ್ಲದಿದ್ದರೆ ಸಾಲ ತರಬೇಕು.

ಕಾನೂನು ಅವನ ಪರವಾಗಿಯೇ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು, ಮರುದಿನ ಅದೇ ಗಿರಾಕಿಯ ಹತ್ತಿರ ಆರ್ಡರ್ ಕೇಳುವ ಧೈರ್ಯ ಎಷ್ಟು ಜನರಿಗಿದೆ?

ಈ ಬಿಕ್ಕಟ್ಟಿಗೆ ಹುಟ್ಟಿಕೊಂಡ ದಾರಿಯೇ ರಿವರ್ಸ್ ಫ್ಯಾಕ್ಟರಿಂಗ್. ಸಾಮಾನ್ಯ ಫ್ಯಾಕ್ಟರಿಂಗ್‌ನಲ್ಲಿ ಪೂರೈಕೆದಾರ ತನ್ನ ಬಿಲ್ಲನ್ನು ತಾನೇ ಹಣಕಾಸು ಸಂಸ್ಥೆಗೆ ಒಯ್ದು, ಸ್ವಲ್ಪ ಮುರಿದುಕೊಂಡು ಉಳಿದದ್ದನ್ನು ಕೊಡಿ ಎನ್ನುತ್ತಾನೆ. ರಿವರ್ಸ್‌ನಲ್ಲಿ ಮೊದಲ ಹೆಜ್ಜೆ ಖರೀದಿದಾರನದು. "ಮಾಲು ಬಂದಿದೆ, ಸರಿಯಿದೆ, ಇಂಥ ದಿನ ಇಷ್ಟು ಹಣ ಕೊಡುತ್ತೇನೆ" ಎಂದು ದೊಡ್ಡ ಕಂಪನಿಯೇ ಒಪ್ಪಿಕೊಳ್ಳುತ್ತದೆ. ಬ್ಯಾಂಕಿನ ಲೆಕ್ಕ ಬದಲಾಗುವುದು ಇಲ್ಲಿಯೇ. ಹಣ ವಾಪಸು ಬರಬೇಕಾದದ್ದು ಪೀಣ್ಯದ ಶೆಡ್ಡಿನಿಂದಲ್ಲ, ಆ ದೊಡ್ಡ ಕಂಪನಿಯಿಂದ. ಹಾಗಾಗಿ ಬಡ್ಡಿಯೂ ಆ ಕಂಪನಿಯ ಸಾಲಯೋಗ್ಯತೆಗೆ ತಕ್ಕಂತೆ ಇಳಿಯುತ್ತದೆ.

ಭಾರತದಲ್ಲಿ ಇದಕ್ಕೆ ರಿಸರ್ವ್ ಬ್ಯಾಂಕ್ 2014ರಲ್ಲಿ ಟ್ರೆಡ್ಸ್ ಎಂಬ ವ್ಯವಸ್ಥೆಯ ನಿಯಮಗಳನ್ನು ಹೊರಡಿಸಿತು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಅಂಥ ಆನ್‌ಲೈನ್ ವೇದಿಕೆಗಳು. ಬಿಲ್ಲು ಅಲ್ಲಿ 'ಫ್ಯಾಕ್ಟರಿಂಗ್ ಯೂನಿಟ್' ಆಗಿ ಏರುತ್ತದೆ. ಅದನ್ನು ಮಾರಾಟಗಾರ ಏರಿಸಬಹುದು, ಖರೀದಿದಾರನೂ ಏರಿಸಬಹುದು. ಇನ್ನೊಬ್ಬರು ಒಪ್ಪಿದ ಮೇಲೆ ಬ್ಯಾಂಕುಗಳು ದರ ಕೂಗುತ್ತವೆ. ಬಿಡ್ ಆರಿಸಿದ ಮರು ಕೆಲಸದ ದಿನ ಹಣ ಪೂರೈಕೆದಾರನ ಖಾತೆಗೆ ಬೀಳುತ್ತದೆ, ಗಡುವಿನ ದಿನ ಅಷ್ಟೇ ಮೊತ್ತ ಖರೀದಿದಾರನ ಖಾತೆಯಿಂದ ಕಡಿತವಾಗುತ್ತದೆ. ಆ ದಿನ ಖರೀದಿದಾರ ಕೈಕೊಟ್ಟರೂ ಬ್ಯಾಂಕು ಸಣ್ಣ ಉದ್ದಿಮೆಯ ಬೆನ್ನು ಹತ್ತುವಂತಿಲ್ಲ. ಈ ನಿಯಮವೇ ಇಡೀ ವ್ಯವಸ್ಥೆಯ ಜೀವಾಳ.

ನಮ್ಮ ಉದಾಹರಣೆಯ ಬಿಲ್ಲು ಏಳನೇ ದಿನ ಒಪ್ಪಿಗೆಯಾಗಿ ಎಂಟನೇ ದಿನ ಹಣ ಬಂತೆನ್ನಿ. ಉಳಿದ 37 ದಿನಕ್ಕೆ ವರ್ಷಕ್ಕೆ ಶೇ 8ರಂತೆ ಮುರಿದುಕೊಳ್ಳುವುದು ಸುಮಾರು 8,100 ರೂಪಾಯಿ, ಜೊತೆಗೆ ವೇದಿಕೆಯ ಶುಲ್ಕ. ಅದೇ ಹಣವನ್ನು ಶೇ 16ರ ಕೈಸಾಲವಾಗಿ ತಂದಿದ್ದರೆ 16,200 ರೂಪಾಯಿ ಬಡ್ಡಿ, ಮೇಲೆ ಅಡಮಾನದ ಮಾತು ಬೇರೆ. ಬಡ್ಡಿಯನ್ನು ಖರೀದಿದಾರನೇ ಭರಿಸುವ ಒಪ್ಪಂದವಿದ್ದರೆ ಪೂರೈಕೆದಾರನಿಗೆ ಇನ್ನೂ ಹಗುರ.

ಈ ಲೆಕ್ಕವೆಲ್ಲ ನಿಂತಿರುವುದು ಏಳನೇ ದಿನದ ಆ ಒಪ್ಪಿಗೆಯ ಮೇಲೆ. ಗೇಟಿನಲ್ಲಿ ಮಾಲು ಇಳಿದ ಮೇಲೆ ಗುಣಮಟ್ಟದ ತಪಾಸಣೆಯಾಗಬೇಕು, ಸ್ಟೋರ್ಸಿನವರು ಸ್ವೀಕೃತಿ ಚೀಟಿ ಮಾಡಬೇಕು, ಲೆಕ್ಕವಿಭಾಗ ಅದನ್ನು ಬಿಲ್ಲಿನ ಜೊತೆ ತಾಳೆ ನೋಡಬೇಕು. ಈ ಮೂರರಲ್ಲಿ ಯಾವುದೊಂದು ಮೇಜಿನ ಮೇಲೆ ಫೈಲು ಮಲಗಿದರೂ ಒಪ್ಪಿಗೆ ಮೂವತ್ತನೇ ದಿನಕ್ಕೆ ಬಂದೀತು. ಆಮೇಲೆ ಸಿಗುವ ಮುಂಗಡದಿಂದ ಉಪಯೋಗ ಕಡಿಮೆ. ಯೋಜನೆ ನಿಜಕ್ಕೂ ನಡೆಯುತ್ತಿದೆಯೇ ಎಂದು ತಿಳಿಯಬೇಕಾದರೆ ಬಡ್ಡಿದರಕ್ಕಿಂತ ಮೊದಲು ಮಾಲು ಇಳಿದ ದಿನಕ್ಕೂ ಬಿಲ್ಲು ಒಪ್ಪಿದ ದಿನಕ್ಕೂ ಇರುವ ಅಂತರ ನೋಡಬೇಕು.

ಇನ್ನೊಂದು ಅಪಾಯ ದೊಡ್ಡದು. ಬ್ರಿಟನ್ನಿನ ನಿರ್ಮಾಣ ಕಂಪನಿ ಕ್ಯಾರಿಲಿಯನ್ 2013ರಲ್ಲಿ ಇಂಥದೇ ಬೇಗ ಪಾವತಿ ಯೋಜನೆ ತಂದಿತು, ಆದರೆ ಮೂಲ ಗಡುವನ್ನು 120 ದಿನಕ್ಕೆ ಇಟ್ಟಿತು. ಬೇಗ ದುಡ್ಡು ಬೇಕಾದ ಪೂರೈಕೆದಾರ ತನ್ನದೇ ಹಣಕ್ಕೆ ತಾನೇ ಶುಲ್ಕ ತೆರಬೇಕಾಯಿತು. ಬ್ಯಾಂಕಿಗೆ ಕೊಡಬೇಕಾದ ಹಣವನ್ನು ಕಂಪನಿ ಸಾಲವೆಂದು ತೋರಿಸದೆ ಇತರ ಬಾಕಿಗಳ ಸಾಲಿಗೆ ಸೇರಿಸಿತ್ತು. ಹೂಡಿಕೆದಾರರಿಗೆ ನಿಜವಾದ ಹೊರೆ ಕಾಣಲಿಲ್ಲ. 2018ರ ಜನವರಿಯಲ್ಲಿ ಕಂಪನಿ ಕುಸಿಯಿತು, ಸಾವಿರಾರು ಪೂರೈಕೆದಾರರ ಬಾಕಿ ಸಿಕ್ಕಿಹಾಕಿಕೊಂಡಿತು. ಇಂಥ ವ್ಯವಹಾರಗಳನ್ನು ಲೆಕ್ಕಪತ್ರದಲ್ಲಿ ಬಿಡಿಸಿ ತೋರಿಸಬೇಕೆಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ 2024ರಿಂದ ಜಾರಿಗೆ ಬಂದಿದೆ.

ಇಲ್ಲಿ ಸರ್ಕಾರ ಮೊದಲು 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳಿಗೆ ಟ್ರೆಡ್ಸ್ ನೋಂದಣಿ ಕಡ್ಡಾಯ ಮಾಡಿತ್ತು. 2024ರ ನವೆಂಬರಿನಲ್ಲಿ ಆ ಮಿತಿಯನ್ನು 250 ಕೋಟಿಗೆ ಇಳಿಸಿತು. ಆದರೆ ಕಡ್ಡಾಯವಾದದ್ದು ನೋಂದಣಿ ಮಾತ್ರ. ಹೆಸರು ಬರೆಸಿದ ಕಂಪನಿ ತನ್ನ ಪ್ರತಿ ಬಿಲ್ಲನ್ನೂ ವೇದಿಕೆಗೆ ತರಲೇಬೇಕೆಂದು ಈ ಆದೇಶ ಹೇಳುವುದಿಲ್ಲ. ಹಾಗಾಗಿ ಪೀಣ್ಯದ ಮಾಲೀಕ ಹೊಸ ಆರ್ಡರ್ ಹಿಡಿಯುವಾಗಲೇ ಎರಡು ಮಾತು ಬರಹದಲ್ಲಿ ಪಡೆಯುವುದು ಒಳ್ಳೆಯದು: ಬಿಲ್ಲನ್ನು ಎಷ್ಟು ದಿನದೊಳಗೆ ವೇದಿಕೆಯಲ್ಲಿ ಒಪ್ಪುತ್ತಾರೆ, ಬಡ್ಡಿ ಯಾರ ಪಾಲಿಗೆ.