ವೈದ್ಯರು ಕೈಚೆಲ್ಲಿದ್ದು ಏಕೆ?

ಸ್ಪರ್ಧಾತ್ಮಕ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲಿ ಹೀಗೊಂದು ಪ್ರಶ್ನೆ ಬಂತೆನ್ನಿ: ‘ಮೂರು ದಿನ ಹಗಲಿರುಳು ಶ್ರಮಿಸಿದ ವೈದ್ಯರು ಕೊನೆಗೆ ಕೈಚೆಲ್ಲಿದರು. ಮನೆಯವರು ಅವರಿಗೆ ಕೈಮುಗಿದು ರೋಗಿಯನ್ನು ಊರಿಗೆ ಕರೆದೊಯ್ದರು.’ ಇಲ್ಲಿ ‘ಕೈಚೆಲ್ಲಿದರು’ ಎಂದರೆ ಏನು? ಬೇಸತ್ತು ಹೊರಟುಹೋದರು, ಹೊಣೆಯಿಂದ ನುಣುಚಿಕೊಂಡರು, ತಪ್ಪೊಪ್ಪಿಕೊಂಡರು, ಇನ್ನು ತಮ್ಮಿಂದಾಗದೆಂದು ಬಿಟ್ಟರು – ಇವು ನಾಲ್ಕು ಆಯ್ಕೆಗಳು.

ನುಡಿಗಟ್ಟಿನ ಜಾಗದಲ್ಲಿ ಒಂದೊಂದನ್ನೇ ಇಟ್ಟು ಓದಿದರೆ ಮೊದಲ ವಾಕ್ಯ ಯಾವುದರಿಂದಲೂ ಕೆಡುವುದಿಲ್ಲ. ಅದಕ್ಕೇ ಅಭ್ಯರ್ಥಿ ತಡವರಿಸುತ್ತಾನೆ. ‘ಹೊಂದುತ್ತದೆಯೇ’ ಎಂದು ಕೇಳುವ ಬದಲು, ‘ಇದು ನಿಜವಾಗಬೇಕಾದರೆ ನಾನು ಇನ್ನೇನನ್ನು ಊಹಿಸಿಕೊಳ್ಳಬೇಕು’ ಎಂದು ಕೇಳಿಕೊಳ್ಳಬೇಕು. ತಪ್ಪೊಪ್ಪಿಕೊಂಡರು ಎನ್ನಲು ಮೊದಲು ಒಂದು ತಪ್ಪು ನಡೆದಿರಬೇಕು. ವಾಕ್ಯದಲ್ಲಿ ಅದರ ಸುಳಿವೇ ಇಲ್ಲ. ನುಣುಚಿಕೊಳ್ಳುವವರು ಮೂರು ದಿನ ಹಗಲಿರುಳು ದುಡಿಯುವುದಿಲ್ಲ, ಅಂಥವರಿಗೆ ಯಾರೂ ಕೈಮುಗಿಯುವುದೂ ಇಲ್ಲ. ಬೇಸತ್ತು ಹೋದರು ಎಂಬುದು ಮಾತ್ರ ಸ್ವಲ್ಪ ಕಾಡುತ್ತದೆ. ಆದರೆ ವೈದ್ಯರು ಹೊರಟೇ ಹೋಗಿದ್ದರೆ ಮನೆಯವರು ಕೈಮುಗಿದದ್ದು ಯಾರಿಗೆ? ಉಳಿದದ್ದು ಕೊನೆಯದು. ಅದಕ್ಕೆ ನಾವು ಏನನ್ನೂ ಸೇರಿಸಬೇಕಿಲ್ಲ. ‘ಕೊನೆಗೆ’ ಎಂಬ ಒಂದು ಪದವೇ ಪ್ರಯತ್ನ ಮುಗಿದು ಸೋಲು ಬಂದದ್ದನ್ನು ಹೇಳುತ್ತಿದೆ.

ಗಮನಿಸಿ, ಉತ್ತರ ಸಿಕ್ಕಿದ್ದು ನುಡಿಗಟ್ಟಿನೊಳಗಲ್ಲ, ಅದರ ಅಕ್ಕಪಕ್ಕದಲ್ಲಿ. ‘ಚೆಲ್ಲು’ ಎಂಬ ಕ್ರಿಯಾಪದವನ್ನೇ ನೆಚ್ಚಿ ಕೂತವರಿಗೆ ಬರೀ ನೀರು, ಕಾಳು ಚೆಲ್ಲಿದ್ದು ಕಾಣುತ್ತದೆ.

ವಿಭಕ್ತಿಯೂ ಸುಳಿವು ಕೊಡುತ್ತದೆ, ಇದನ್ನು ಹೆಚ್ಚಿನವರು ನೋಡುವುದಿಲ್ಲ. ನುಣುಚಿಕೊಳ್ಳುವ ಅರ್ಥಕ್ಕೆ ಕನ್ನಡದಲ್ಲಿ ಬೇರೆಯದೇ ಮಾತಿದೆ: ‘ಹೊಣೆಯಿಂದ ಕೈತೊಳೆದುಕೊಂಡರು’. ಅಲ್ಲಿ ಯಾವುದರಿಂದ ಎಂದು ಹೇಳುವ ‘ಇಂದ’ ಬರುತ್ತದೆ. ಕೈಚೆಲ್ಲುವುದಕ್ಕೆ ಅದು ಬೇಕಿಲ್ಲ. ‘ಕೈಚೆಲ್ಲಿ ಕುಳಿತರು’ ಎನ್ನುತ್ತೇವೆ. ಕುಳಿತವರು ಎಲ್ಲಿಗೂ ಓಡಿಹೋದವರಲ್ಲ.

ಕೆಲವು ನುಡಿಗಟ್ಟುಗಳಲ್ಲಿ ಕರ್ತೃಪದವೇ ತೀರ್ಮಾನ ಹೇಳಿಬಿಡುತ್ತದೆ. ‘ಈ ಸಲ ರಾಗಿ ರೈತರ ಕೈಹಿಡಿಯಿತು’ ಎಂದರೆ ಆಸರೆಯಾಯಿತು ಎಂದೇ ಅರ್ಥ, ಬೆಳೆ ಮದುವೆಯಾಗುವುದಿಲ್ಲವಲ್ಲ. ‘ಕಷ್ಟಕಾಲದಲ್ಲಿ ಅವನು ಅವಳ ಕೈಹಿಡಿದ’ ಎಂದಾಗ ಮಾತ್ರ ತೊಡಕು. ಮದುವೆಯೂ ಆಗಬಹುದು, ನೆರವೂ ಆಗಬಹುದು. ಆಯ್ಕೆಗಳಲ್ಲಿ ಎರಡೂ ಇದ್ದು ಮುಂದಿನ ವಾಕ್ಯ ಇಲ್ಲದಿದ್ದರೆ ಎಷ್ಟು ಜಾಣತನದಿಂದ ಓದಿದರೂ ಬಿಡಿಸಲಾಗದು. ಅದು ಓದುಗನ ಕೊರತೆಯಲ್ಲ, ಪ್ರಶ್ನೆ ತೆಗೆದವರು ಸಂದರ್ಭವನ್ನೇ ಕೊಟ್ಟಿಲ್ಲ. ಅದೇ ಮಾತಿಗೆ ‘ಮರುವರ್ಷ ಅವರಿಗೆ ಮಗಳು ಹುಟ್ಟಿದಳು’ ಎಂದು ಸೇರಿಸಿದ್ದರೆ, ಅರ್ಥ ಮದುವೆಯ ಕಡೆಗೆ ವಾಲುತ್ತಿತ್ತು.